ಮೂರು ಪಿಜ್ಜಾ, ನಾಲ್ವರು ಗೆಳೆಯರು: ಮಗಳ ಲೆಕ್ಕಕ್ಕಾಗಿ ಬರೆದ ಕಥೆಯಲ್ಲಿ ನಾನು ಎಲ್ಲಿ ಎಡವಿದ್ದೇನೆ?

ಚಿನ್ನುವಿನ ಅಮ್ಮ, ಹಾಸನ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಐದನೇ ತರಗತಿಯಲ್ಲಿ ಓದುತ್ತಿದ್ದಾಳೆ. ಮಳೆಯಿಂದಾಗಿ ಶಾಲೆಗೆ ರಜೆ ಕೊಟ್ಟ ದಿನ ಅವಳ ತರಗತಿಯ ವಾಟ್ಸಪ್ ಗುಂಪಿಗೆ ಅಭ್ಯಾಸ ಪುಸ್ತಕದ ಒಂದು ಪುಟದ ಫೋಟೋ ಬಂದಿತು. ಅದರಲ್ಲಿ ಮೂರು ಪಿಜ್ಜಾಗಳ ಚಿತ್ರವಿದೆ, ಕೆಳಗೆ ನಾಲ್ವರು ಮಕ್ಕಳು ನಿಂತಿದ್ದಾರೆ. ‘ನಾಲ್ವರು ಗೆಳೆಯರು ಮೂರು ಪಿಜ್ಜಾಗಳನ್ನು ಸಮನಾಗಿ ಹಂಚಿಕೊಂಡರೆ ಒಬ್ಬೊಬ್ಬರಿಗೆ ಎಷ್ಟು ಭಾಗ ಸಿಗುತ್ತದೆ?’ ಎಂಬುದು ಪ್ರಶ್ನೆ. ಯಾರೋ ಮೊಬೈಲನ್ನು ಓರೆಯಾಗಿ ಹಿಡಿದು ಫೋಟೋ ತೆಗೆದಿರುವುದರಿಂದ ಪಿಜ್ಜಾಗಳು ಮೊಟ್ಟೆಯಾಕಾರವಾಗಿ ಕಾಣುತ್ತವೆ. ಮೂರನೆಯದು ಉಳಿದೆರಡಕ್ಕಿಂತ ಚಿಕ್ಕದಾಗಿ ಕಾಣುತ್ತದೆ ಮತ್ತು ಅದರ ಅಂಚಿನ ಮೇಲೆ ಬೆರಳಿನ ನೆರಳು ಬಿದ್ದಿದೆ.

ಮಗಳು 3/12 ಎಂದು ಬರೆದಳು. ಪುಸ್ತಕದ ಕೊನೆಯಲ್ಲಿ ಕೊಟ್ಟಿರುವ ಉತ್ತರ 3/4. ‘ಒಂದೊಂದು ಪಿಜ್ಜಾವನ್ನೂ ನಾಲ್ಕು ತುಂಡು ಮಾಡಿದೆ, ಒಟ್ಟು ಹನ್ನೆರಡು ತುಂಡಾಯಿತು, ನನಗೆ ಮೂರು ಬಂತು. ಹಾಗಾದರೆ ಹನ್ನೆರಡರಲ್ಲಿ ಮೂರು ತಾನೇ ಅಮ್ಮ?’ ಎಂದು ಅವಳು ಕೇಳಿದಾಗ ಅವಳ ಮಾತಿನಲ್ಲಿ ತಪ್ಪೆಲ್ಲಿದೆ ಎಂದು ನನಗೆ ತಕ್ಷಣ ತೋರಿಸಲಾಗಲಿಲ್ಲ. ಕಥೆಯ ಮೂಲಕ ಹೇಳಿದರೆ ಅರ್ಥವಾದೀತು ಎಂದುಕೊಂಡು ಅಂದು ರಾತ್ರಿಯೇ ಇದನ್ನು ಬರೆದೆ.

‘ಅನು, ಕಿಟ್ಟಿ, ಸಲ್ಮಾ, ಸೋಮ ಎಂಬ ನಾಲ್ವರು ಗೆಳೆಯರಿದ್ದರು. ಒಂದು ದಿನ ಅನುವಿನ ಮಾವ ಮೂರು ಪಿಜ್ಜಾ ತಂದರು. ಅಜ್ಜಿ ಒಂದೊಂದನ್ನೂ ನಾಲ್ಕಾಗಿ ಕತ್ತರಿಸಿ, ಹನ್ನೆರಡು ತುಂಡುಗಳನ್ನೂ ದೊಡ್ಡ ಹರಿವಾಣದಲ್ಲಿ ಒಟ್ಟಿಗೆ ಇಟ್ಟರು. ಮಕ್ಕಳು ತಲಾ ಮೂರು ತುಂಡು ತೆಗೆದುಕೊಂಡರು. ಎಲ್ಲರಿಗೂ ಮುಕ್ಕಾಲು ಪಿಜ್ಜಾ ಸಿಕ್ಕಿತು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ.’

ಮಗಳು ಇದನ್ನು ಓದಿ, ‘ನೋಡಮ್ಮ, ನಿನ್ನ ಕಥೆಯಲ್ಲೂ ಹನ್ನೆರಡರಲ್ಲಿ ಮೂರೇ ಬಂದಿದೆ’ ಎಂದಳು. ಕಥೆಯನ್ನು ಹೇಗೆ ತಿದ್ದಲಿ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಕೊಪ್ಪದ ಹುಡುಗ

ಮೇಡಂ, ಉತ್ತರ ಒಂದಕ್ಕಿಂತ ಹೆಚ್ಚು ಬರಬೇಕಲ್ಲವೇ? ಒಬ್ಬೊಬ್ಬರಿಗೂ ಮೊದಲು ಒಂದೊಂದು ಪಿಜ್ಜಾ ಕೊಟ್ಟರೆ ಒಂದು ಉಳಿಯುತ್ತದೆ. ಅದನ್ನು ಮೂರು ಭಾಗ ಮಾಡಿ ಹಂಚಿದರೆ ಒಂದು ಪೂರ್ತಿ ಪಿಜ್ಜಾ ಮತ್ತು ಮೂರರಲ್ಲಿ ಒಂದು ಭಾಗ, ಅಂದರೆ 4/3 ಬರುತ್ತದೆ. ಪುಸ್ತಕದಲ್ಲಿ ಅಂಶ ಮತ್ತು ಛೇದ ಅದಲುಬದಲಾಗಿ ಅಚ್ಚಾಗಿರಬಹುದು.

ಚಿನ್ನುವಿನ ಅಮ್ಮ, ಹಾಸನ

ನೀವು ನಾಲ್ಕು ಪಿಜ್ಜಾ, ಮೂವರು ಗೆಳೆಯರು ಎಂದು ಓದಿಕೊಂಡಿದ್ದೀರಿ. ಇಲ್ಲಿರುವುದು ಮೂರು ಪಿಜ್ಜಾ, ನಾಲ್ವರು ಗೆಳೆಯರು. ಒಬ್ಬರಿಗೆ ಒಂದು ಪೂರ್ತಿ ಪಿಜ್ಜಾ ಸಿಗುವಷ್ಟೂ ಇಲ್ಲ.

ಕೊಪ್ಪದ ಹುಡುಗ

ಕ್ಷಮಿಸಿ, ಅವಸರದಲ್ಲಿ ತಿರುಗಿಸಿ ಓದಿಬಿಟ್ಟೆ. ದೊಡ್ಡ ಸಂಖ್ಯೆಯನ್ನು ಚಿಕ್ಕ ಸಂಖ್ಯೆಯಿಂದ ಭಾಗಿಸುವ ಅಭ್ಯಾಸ ಚಿಕ್ಕಂದಿನಿಂದಲೂ ನನ್ನನ್ನು ಬಿಟ್ಟಿಲ್ಲ.

ಲೆಕ್ಕದ ಟೀಚರ್, ಅರಸೀಕೆರೆ

ನಿಮ್ಮ ಮಗಳ ಉತ್ತರವನ್ನು ತಪ್ಪು ಎನ್ನಲು ನನಗೆ ಮನಸ್ಸು ಬರುತ್ತಿಲ್ಲ. ಹನ್ನೆರಡು ತುಂಡುಗಳಲ್ಲಿ ಮೂರು ಎಂದರೆ 3/12, ಸಂಕ್ಷೇಪಿಸಿದರೆ 1/4. ನಾಲ್ವರು ಸಮನಾಗಿ ಹಂಚಿಕೊಂಡಾಗ ಒಬ್ಬರ ಪಾಲು ನಾಲ್ಕರಲ್ಲಿ ಒಂದು ಆಗಲೇಬೇಕಲ್ಲವೇ? ಹೀಗಾಗಿ ಸರಿಯಾದ ಉತ್ತರ 1/4 ಎಂದೇ ನಾನು ಭಾವಿಸುತ್ತೇನೆ. ನಮ್ಮ ಶಾಲೆಯಲ್ಲಿ ಯಾವ ಮಗುವಾದರೂ ಹೀಗೆ ಬರೆದಿದ್ದರೆ ನಾನು ಪೂರ್ಣ ಅಂಕ ಕೊಡುತ್ತಿದ್ದೆ. ಪುಸ್ತಕದ ಉತ್ತರವನ್ನೇ ಪ್ರಶ್ನಿಸಬೇಕು.

ನಿವೃತ್ತ ಮೇಷ್ಟ್ರು, ಬೇಲೂರು

ಅರಸೀಕೆರೆಯ ಟೀಚರಮ್ಮನವರ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ಅರ್ಧವನ್ನು ಬಿಡಿಸಿ ನೋಡಿದರೆ ಮಗುವಿನ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಭಿನ್ನರಾಶಿಯನ್ನು ಹೇಳುವಾಗ ‘ಯಾವುದರಲ್ಲಿ?’ ಎಂಬ ಪ್ರಶ್ನೆ ಅದರ ಬೆನ್ನಿಗೇ ಇರುತ್ತದೆ. ಮೂರೂ ಪಿಜ್ಜಾಗಳನ್ನು ಒಂದೇ ರಾಶಿ ಎಂದು ಹಿಡಿದರೆ ಒಬ್ಬರ ಪಾಲು ಆ ರಾಶಿಯ 3/12, ಅಂದರೆ ಕಾಲು. ಒಂದು ಪಿಜ್ಜಾವನ್ನು ಇಡಿ ಎಂದು ಹಿಡಿದರೆ ಅದೇ ಪಾಲು ಮುಕ್ಕಾಲು. ತಟ್ಟೆಯಲ್ಲಿರುವ ತುಂಡುಗಳು ಎರಡೂ ಕಡೆ ಒಂದೇ, ಅಳೆಯುವ ಇಡಿ ಮಾತ್ರ ಬೇರೆ. ಮಗು ತುಂಡು ಕತ್ತರಿಸುವಾಗ ಒಂದು ಪಿಜ್ಜಾವನ್ನು ಇಡಿ ಎಂದುಕೊಂಡಿತ್ತು, ಎಣಿಸುವಾಗ ಮೂರನ್ನೂ ಸೇರಿಸಿ ಇಡಿ ಮಾಡಿಕೊಂಡಿತು. ನಡುವೆ ಇಡಿ ಬದಲಾದದ್ದು ಅದಕ್ಕೆ ತಿಳಿಯಲಿಲ್ಲ.

ಆ ಬದಲಾವಣೆಗೆ ದಾರಿ ಮಾಡಿಕೊಟ್ಟದ್ದು ನಿಮ್ಮ ಕಥೆಯ ಹರಿವಾಣ, ತಾಯಿ. ಅಜ್ಜಿ ತುಂಡುಗಳನ್ನೆಲ್ಲ ಒಂದೇ ಕಡೆ ಇಟ್ಟ ಕ್ಷಣದಲ್ಲೇ ಮೂರು ಪಿಜ್ಜಾಗಳು ಕಣ್ಮರೆಯಾದವು, ಹನ್ನೆರಡು ತುಂಡುಗಳು ಮಾತ್ರ ಉಳಿದವು. ಕಣ್ಣಿಗೆ ಕಂಡದ್ದು ಹನ್ನೆರಡಾದ್ದರಿಂದ ಹನ್ನೆರಡೇ ಛೇದವಾಯಿತು. ನಿಮ್ಮ ಮಗಳು ಕಥೆಯನ್ನು ಸರಿಯಾಗಿಯೇ ಓದಿದ್ದಾಳೆ.

ಒಂದು ತಾಳೆ ಹೇಳುತ್ತೇನೆ. ಒಬ್ಬೊಬ್ಬರಿಗೆ ನಿಜವಾಗಿಯೂ 3/12 ಪಿಜ್ಜಾ, ಅಂದರೆ ಕಾಲು ಪಿಜ್ಜಾ ಮಾತ್ರ ಸಿಕ್ಕಿದ್ದರೆ ನಾಲ್ವರ ಪಾಲೂ ಸೇರಿ ಒಂದೇ ಪಿಜ್ಜಾ ಮುಗಿಯುತ್ತಿತ್ತು. ಉಳಿದ ಎರಡು ಪಿಜ್ಜಾ ಎಲ್ಲಿಗೆ ಹೋದವು ಎಂದು ಮಗುವನ್ನು ಕೇಳಿ. ನಾವು ಓದುವ ಕಾಲದಲ್ಲಿ ಮುಕ್ಕಾಲಿನ ಮಗ್ಗಿಯನ್ನು ಬಾಯಿಪಾಠ ಮಾಡಿಸುತ್ತಿದ್ದರು: ಒಂದು ಮುಕ್ಕಾಲು ಮುಕ್ಕಾಲು, ಎರಡು ಮುಕ್ಕಾಲು ಒಂದೂವರೆ, ಮೂರು ಮುಕ್ಕಾಲು ಎರಡೂಕಾಲು, ನಾಲ್ಕು ಮುಕ್ಕಾಲು ಮೂರು. ನಿಮ್ಮ ಲೆಕ್ಕದ ತಾಳೆ ಆ ನಾಲ್ಕನೆಯ ಸಾಲಿನಲ್ಲಿದೆ. ನಾಲ್ವರ ಮುಕ್ಕಾಲುಗಳನ್ನು ಕೂಡಿಸಿದರೆ ಬೇಕರಿಯಿಂದ ತಂದ ಮೂರು ಪಿಜ್ಜಾ ಮರಳಿ ಬರುತ್ತವೆ.

ಲೆಕ್ಕದ ಟೀಚರ್, ಅರಸೀಕೆರೆ

ಎರಡು ಪಿಜ್ಜಾ ಎಲ್ಲಿ ಹೋದವು ಎಂಬ ಪ್ರಶ್ನೆ ನನಗೆ ಹೊಳೆದಿರಲಿಲ್ಲ ಮೇಷ್ಟ್ರೇ, ಅದನ್ನು ಒಪ್ಪುತ್ತೇನೆ. ಆದರೂ ಪ್ರಶ್ನೆಯಲ್ಲಿ ‘ಎಷ್ಟು ಭಾಗ’ ಎಂದಷ್ಟೇ ಇದೆ, ‘ಒಂದು ಪಿಜ್ಜಾದ ಎಷ್ಟು ಭಾಗ’ ಎಂದಿಲ್ಲ. ಯಾವುದರ ಭಾಗ ಎಂದು ಹೇಳದೆ ಕೇಳಿ, ಮಗು ಒಂದನ್ನು ಆರಿಸಿಕೊಂಡಾಗ ತಪ್ಪು ಗುರುತು ಹಾಕುವುದು ನ್ಯಾಯವಲ್ಲ ಎಂಬ ನನ್ನ ನಿಲುವು ಹಾಗೆಯೇ ಇದೆ.

ನಿವೃತ್ತ ಮೇಷ್ಟ್ರು, ಬೇಲೂರು

ಪ್ರಶ್ನೆಯ ಮಾತು ಸಡಿಲವಾಗಿದೆ ಎಂಬುದು ನಿಜ. ಆದರೆ ಅಂಕ ಕೊಡುವ ಮೊದಲು ನಾನಾದರೆ ‘ಯಾವುದರಲ್ಲಿ 3/12?’ ಎಂದು ಮಗುವನ್ನೇ ಕೇಳುತ್ತಿದ್ದೆ. ‘ಎಲ್ಲಾ ಪಿಜ್ಜಾ ಸೇರಿ’ ಎಂದರೆ ಪೂರ್ಣ ಅಂಕ. ‘ಒಂದು ಪಿಜ್ಜಾದಲ್ಲಿ’ ಎಂದರೆ ಇನ್ನೊಮ್ಮೆ ಕೂರಿಸಿಕೊಂಡು ಹೇಳಿಕೊಡಬೇಕು. ಬರೆದ ಅಂಕಿ ಎರಡೂ ಕಡೆ ಒಂದೇ ಆಗಿರುವುದರಿಂದ ಅಂಕಿಯನ್ನು ಮಾತ್ರ ನೋಡಿ ತೀರ್ಮಾನಿಸಲು ಬರುವುದಿಲ್ಲ.

ಬೇಕರಿಯವರು, ಹಾಸನ

ನಾನು ಲೆಕ್ಕ ಕಲಿಸುವವನಲ್ಲ, ಆದರೆ ದಿನವೂ ಪಿಜ್ಜಾ ಕತ್ತರಿಸುವವನಾದ್ದರಿಂದ ಎರಡು ವಿಷಯ ಹೇಳಬೇಕೆನಿಸಿತು.

ಮೊದಲನೆಯದು, ಮೂರೂ ಪಿಜ್ಜಾ ಒಂದೇ ಅಳತೆಯವು ಎಂದು ಕಥೆಯಲ್ಲಿ ಬರಲೇಬೇಕು. ನಮ್ಮಲ್ಲಿ ಏಳು ಇಂಚಿನದೂ ಇದೆ, ಹತ್ತು ಇಂಚಿನದೂ ಇದೆ. ಹೆಸರು ಕೇಳಿದರೆ ವ್ಯತ್ಯಾಸ ಮೂರೇ ಇಂಚು ಎನಿಸುತ್ತದೆ, ಆದರೆ ಹತ್ತು ಇಂಚಿನದರಲ್ಲಿ ತಿನ್ನುವ ಭಾಗ ಏಳು ಇಂಚಿನದರ ಎರಡರಷ್ಟಕ್ಕಿಂತಲೂ ತುಸು ಹೆಚ್ಚೇ ಇರುತ್ತದೆ. ಅಗಲ, ಉದ್ದ ಎರಡೂ ಕಡೆ ಬೆಳೆಯುತ್ತದಲ್ಲ. ಒಂದರ ಕಾಲು ಭಾಗಕ್ಕೂ ಇನ್ನೊಂದರ ಕಾಲು ಭಾಗಕ್ಕೂ ಸಮ ಬರುವುದಿಲ್ಲ. ಫೋಟೋದಲ್ಲಿ ಮೂರನೆಯದು ಚಿಕ್ಕದಾಗಿ ಕಾಣುತ್ತದೆ ಎಂದು ಬರೆದಿದ್ದೀರಿ. ಅದು ಮೊಬೈಲ್ ಓರೆ ಹಿಡಿದದ್ದರ ಫಲ: ದೂರ ಇದ್ದದ್ದು ಕುಗ್ಗಿ ಕಾಣುತ್ತದೆ, ಉರುಟಾದದ್ದು ಚಪ್ಪಟೆಯಾಗಿ ಕಾಣುತ್ತದೆ. ಮಗು ಚಿತ್ರವನ್ನೇ ನಂಬಿದರೆ ಸಮಪಾಲು ಎಂಬ ಮಾತೇ ಅದಕ್ಕೆ ಒಪ್ಪಿಗೆಯಾಗುವುದಿಲ್ಲ.

ಎರಡನೆಯದು, ಪಿಜ್ಜಾವನ್ನು ಡಬ್ಬಿಯಿಂದ ತೆಗೆದ ಮೇಲೆ ರಟ್ಟಿನ ಮೇಲೆ ಎಣ್ಣೆಯ ಒಂದು ಉರುಟು ಗುರುತು ಉಳಿದುಕೊಳ್ಳುತ್ತದೆ. ಆ ಗುರುತು ಒಂದು ಇಡೀ ಪಿಜ್ಜಾದ ಅಳತೆಯೇ. ತನ್ನ ಪಾಲಿನ ತುಂಡುಗಳನ್ನು ಮಗು ಅದರ ಮೇಲೆ ಜೋಡಿಸಿ ನೋಡಬಹುದು. ಮೇಷ್ಟ್ರು ಹೇಳಿದ ಇಡಿ ಅಲ್ಲಿಯೇ ಕಾಣುತ್ತದೆ ಎಂದು ನನಗನಿಸುತ್ತದೆ.

ನಿವೃತ್ತ ಮೇಷ್ಟ್ರು, ಬೇಲೂರು

ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ವೃತ್ತ ಬರೆದವನಿಗೆ ಈ ಎಣ್ಣೆಯ ಗುರುತು ಹೊಳೆದಿರಲಿಲ್ಲ. ತಾಯಿ, ಇದನ್ನು ಕಥೆಯಲ್ಲಿ ಖಂಡಿತ ಇಟ್ಟುಕೊಳ್ಳಿ.

ತೋಟದ ಮನೆ, ಮೂಡಿಗೆರೆ

ನಮ್ಮ ಮನೆಯ ಅನುಭವವನ್ನೂ ಹೇಳುತ್ತೇನೆ. ನಮ್ಮೂರಿನಲ್ಲಿ ಪಿಜ್ಜಾ ಸಿಗುವುದಿಲ್ಲವಾದ್ದರಿಂದ ನಾನು ಮಗನಿಗೆ ಅಕ್ಕಿ ರೊಟ್ಟಿಯಲ್ಲಿ ಇದೇ ಲೆಕ್ಕ ಹೇಳಿಕೊಡಲು ಹೋದೆ. ನಾಲ್ಕು ಸಮಭಾಗ ಮಾಡು ಎಂದಾಗ ಅವನು ಚಾಕುವಿನಿಂದ ಮೇಲಿಂದ ಕೆಳಗೆ ಮೂರು ನೇರ ಗೆರೆ ಎಳೆದು ನಾಲ್ಕು ಪಟ್ಟಿ ಮಾಡಿಟ್ಟ. ಗೆರೆಗಳ ನಡುವಿನ ಅಂತರವನ್ನು ಸ್ಕೇಲ್ ಹಿಡಿದು ಅಳೆದಿದ್ದ, ಅದರಲ್ಲಿ ತಪ್ಪಿರಲಿಲ್ಲ. ‘ಎಲ್ಲವೂ ಸಮ ಅಪ್ಪ’ ಎಂದ. ಅಂಚಿನ ಪಟ್ಟಿ ಅವನ ತಂಗಿಯ ಪಾಲಿಗೆ ಬಂದಾಗ ಅವಳು ಜಗಳ ತೆಗೆದಳು, ನಾನು ಅವಳನ್ನೇ ಗದರಿಸಿದೆ. ಆಮೇಲೆ ನೋಡಿದರೆ ಅವಳು ಹೇಳಿದ್ದೇ ಸರಿ. ಅವಳನ್ನು ಗದರಿಸಿದ್ದು ಇಂದಿಗೂ ಮನಸ್ಸಿಗೆ ನೋವು. ಕಥೆಯಲ್ಲಿ ಪಿಜ್ಜಾ ಬದಲು ರೊಟ್ಟಿಯನ್ನೇ ಇಟ್ಟರೆ ನಮ್ಮ ಕಡೆಯ ಮಕ್ಕಳಿಗೆ ಹತ್ತಿರವಾಗುತ್ತದೆ ಎಂಬುದು ನನ್ನ ಸಲಹೆ.

ನಿವೃತ್ತ ಮೇಷ್ಟ್ರು, ಬೇಲೂರು

ನಿಮ್ಮ ಮಗಳ ಜಗಳದಲ್ಲಿ ನ್ಯಾಯವಿತ್ತು. ಉರುಟಾದದ್ದನ್ನು ಸಮ ಅಗಲದ ನಾಲ್ಕು ಪಟ್ಟಿ ಮಾಡಿದರೆ ನೂರು ಪಾಲಿನಲ್ಲಿ ಅಂಚಿನ ಪಟ್ಟಿಗಳಿಗೆ ಸುಮಾರು 20, ನಡುವಿನವುಗಳಿಗೆ ಸುಮಾರು 30 ಪಾಲು ಬರುತ್ತದೆ. ಚೌಕದಲ್ಲಿ ಅದೇ ಗೆರೆಗಳು ಸಮಭಾಗ ಮಾಡುತ್ತವೆ, ಹೀಗಾಗಿ ಪುಸ್ತಕದಲ್ಲಿ ಚೌಕ ನೋಡಿದ ಮಗು ಅದೇ ಗೆರೆಗಳನ್ನು ವೃತ್ತಕ್ಕೂ ತರುತ್ತದೆ. ವೃತ್ತದಲ್ಲಿ ಕೊಯ್ತ ನಡುವಿನ ಚುಕ್ಕಿಯ ಮೂಲಕವೇ ಹಾಯಬೇಕು.

ಕಾಗದದಲ್ಲಿ ಮಾಡಿ ತೋರಿಸುವುದು ಸುಲಭ. ಸ್ಟೀಲ್ ತಟ್ಟೆಯನ್ನು ಕಾಗದದ ಮೇಲೆ ಬೋರಲು ಹಾಕಿ ಸುತ್ತ ಪೆನ್ಸಿಲ್ ಎಳೆದು ಕತ್ತರಿಸಿ. ಅಂಚಿಗೆ ಅಂಚು ಕೂಡುವಂತೆ ಒಮ್ಮೆ ಮಡಚಿದರೆ ಅರ್ಧ, ಇನ್ನೊಮ್ಮೆ ಮಡಚಿದರೆ ಕಾಲು. ಬಿಡಿಸಿದಾಗ ಮಡಿಕೆಗಳು ಕೂಡಿದ ಜಾಗವೇ ನಡುವಿನ ಚುಕ್ಕಿ. ಇಂತಹ ಮೂರು ಕಾಗದಗಳಿಗೆ ಮೂರು ಬಣ್ಣ ಬಳಿದು ಮಗುವಿನ ಕೈಗೆ ಕೊಡಿ.

ಓದುವ ಮನೆ, ಚಿಕ್ಕಮಗಳೂರು

ಹಲವು ವರ್ಷಗಳಿಂದ ಮಕ್ಕಳಿಗೆ ಕಥೆ ಓದಿ ಹೇಳುತ್ತಿರುವ ನನಗೆ ಕಥೆಯ ಕಡೆಯಿಂದ ಒಂದು ಮಾತು ಹೇಳುವುದಿದೆ. ರೊಟ್ಟಿ ಬೇಕೋ ಪಿಜ್ಜಾ ಬೇಕೋ ಎಂಬುದರಲ್ಲಿ ನಾನು ಪಿಜ್ಜಾದ ಪರ. ಮಗುವಿನ ಎದುರಿಗಿರುವ ಫೋಟೋದಲ್ಲಿ ಪಿಜ್ಜಾ ಇದೆ. ಕಥೆಯಲ್ಲಿ ರೊಟ್ಟಿ ಬಂದರೆ ಅದು ಎರಡನ್ನೂ ಹೊಂದಿಸುವ ಹೊಸ ಕೆಲಸ ಮಾಡಬೇಕಾಗುತ್ತದೆ. ಅಲ್ಲದೆ ರೊಟ್ಟಿಯನ್ನು ನಾವು ಕೈಯಿಂದ ಮುರಿದು ತಿನ್ನುತ್ತೇವೆ, ಸಮವಾಗಿ ಕತ್ತರಿಸುವ ಗೋಜಿಗೆ ಯಾರೂ ಹೋಗುವುದಿಲ್ಲ.

ನಿಮ್ಮ ಕಥೆಯಲ್ಲಿ ನನಗೆ ಕಂಡ ಕೊರತೆಯೆಂದರೆ ಅಲ್ಲಿ ಯಾರಿಗೂ ಅನುಮಾನ ಹುಟ್ಟುವುದಿಲ್ಲ. ಮುಕ್ಕಾಲು ಎಂಬ ಉತ್ತರ ಕಥೆಗಾರರ ಬಾಯಿಂದ ಬಂದುಬಿಡುತ್ತದೆ. ನಿಮ್ಮ ಮಗಳ ಪ್ರಶ್ನೆ ನಿಮ್ಮ ಕಥೆಗಿಂತ ಚೆನ್ನಾಗಿದೆ. ಅದನ್ನೇ ಸೋಮನ ಬಾಯಿಗೆ ಕೊಡಿ. ಅಜ್ಜಿ ಉತ್ತರ ಹೇಳುವುದು ಬೇಡ, ಕೇಳುತ್ತಾ ಹೋಗಲಿ, ಮಕ್ಕಳು ಕೈಯಿಂದ ಮಾಡಿ ಕಂಡುಕೊಳ್ಳಲಿ. ‘ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ’ ಎಂಬ ಕೊನೆಯ ಸಾಲನ್ನು ತೆಗೆದುಬಿಡಿ, ತಟ್ಟೆ ನೋಡಿದರೆ ಅದು ಗೊತ್ತಾಗುತ್ತದೆ.

ಚಿನ್ನುವಿನ ಅಮ್ಮ, ಹಾಸನ

ಎಲ್ಲರ ಮಾತನ್ನೂ ಇಟ್ಟುಕೊಂಡು ಮತ್ತೆ ಬರೆದಿದ್ದೇನೆ. ಪಿಜ್ಜಾವನ್ನೇ ಉಳಿಸಿದ್ದೇನೆ, ಮೂಡಿಗೆರೆಯ ಅಣ್ಣನವರು ಬೇಸರಿಸಬಾರದು. ಅವರ ಮಗಳ ಜಗಳವನ್ನು ಕಿಟ್ಟಿಯ ಮೂಲಕ ಸೇರಿಸಿದ್ದೇನೆ.

‘ಅಂದು ಅನುವಿನ ಹುಟ್ಟುಹಬ್ಬ. ಹೊರಗೆ ಜೋರು ಮಳೆ. ಹಾಸನದಿಂದ ಬಂದ ಮಾವ, ನೆನೆದ ಚೀಲದೊಳಗಿಂದ ಮೂರು ಡಬ್ಬಿ ತೆಗೆದು ಚಾವಡಿಯಲ್ಲಿಟ್ಟರು. ಒಂದರಲ್ಲಿ ಈರುಳ್ಳಿ ಪಿಜ್ಜಾ, ಒಂದರಲ್ಲಿ ಜೋಳದ ಪಿಜ್ಜಾ, ಒಂದರಲ್ಲಿ ದಪ್ಪ ಮೆಣಸಿನಕಾಯಿ ಪಿಜ್ಜಾ. ಆಚೆ ತುದಿಯ ಡಬ್ಬಿ ಕಿಟ್ಟಿಗೆ ಚಿಕ್ಕದಾಗಿ ಕಂಡಿತು. ಅವನು ಅದನ್ನು ಎತ್ತಿ ಉಳಿದೆರಡರ ಮೇಲೆ ಇಟ್ಟು ನೋಡಿದ. ಮೂರೂ ಒಂದೇ ಅಳತೆ!

ಅನು, ಕಿಟ್ಟಿ, ಸಲ್ಮಾ, ಸೋಮ ಸುತ್ತ ಕುಳಿತರು. “ಪಿಜ್ಜಾ ಮೂರು, ನಾವು ನಾಲ್ವರು. ಒಬ್ಬರಿಗೆ ಒಂದು ಅಂತ ಕೊಟ್ಟರೆ ಒಬ್ಬರಿಗೆ ಇಲ್ಲ” ಎಂದಳು ಸಲ್ಮಾ.

ಕಿಟ್ಟಿ ಚಾಕು ಹಿಡಿದು ಈರುಳ್ಳಿ ಪಿಜ್ಜಾದ ಮೇಲೆ ಉದ್ದುದ್ದ ಗೆರೆ ತೋರಿಸಿದ. “ಅಂಚಿನ ತುಂಡು ನೀನೇ ತಗೋತೀಯಾ?” ಎಂದು ಅನು ಕೇಳಿದಳು. ಕಿಟ್ಟಿ ಅಂಚನ್ನು ನೋಡಿದ, ನಡುವನ್ನು ನೋಡಿದ, ಚಾಕು ಕೆಳಗಿಟ್ಟ.

ಅಜ್ಜಿ ಬಂದು ನಡುವಿನಿಂದ ಹಾಯುವಂತೆ ಒಂದು ಕೊಯ್ತ, ಅದಕ್ಕೆ ಅಡ್ಡಲಾಗಿ ಇನ್ನೊಂದು ಕೊಯ್ತ ಹಾಕಿದರು. ಈರುಳ್ಳಿ ಪಿಜ್ಜಾ ನಾಲ್ಕು ಕಾಲುಗಳಾಯಿತು. ನಾಲ್ವರೂ ಒಂದೊಂದು ಕಾಲು ತೆಗೆದುಕೊಂಡರು, ಡಬ್ಬಿ ಖಾಲಿ. ಜೋಳದ ಪಿಜ್ಜಾವನ್ನೂ ಹಾಗೆಯೇ ಕೊಯ್ದು ಹಂಚಿಕೊಂಡರು, ಆ ಡಬ್ಬಿಯೂ ಖಾಲಿ. ಮೆಣಸಿನಕಾಯಿ ಪಿಜ್ಜಾದ ಡಬ್ಬಿಯೂ ಖಾಲಿ. ಈಗ ಎಲ್ಲರ ತಟ್ಟೆಯಲ್ಲೂ ಮೂರು ಬಗೆಯ ಮೂರು ತುಂಡು.

“ನನಗೆ ಎಷ್ಟು ಸಿಕ್ಕಿತು ಗೊತ್ತಾ? ಹನ್ನೆರಡರಲ್ಲಿ ಮೂರು!” ಎಂದ ಸೋಮ.

“ಹನ್ನೆರಡು ಏನಪ್ಪ?” ಎಂದರು ಅಜ್ಜಿ.

“ತುಂಡು. ಮೂರೂ ಪಿಜ್ಜಾ ಸೇರಿ ಹನ್ನೆರಡು ತುಂಡು.”

“ಸರಿ. ಹಾಗಾದರೆ ಒಂದು ಪಿಜ್ಜಾದಲ್ಲಿ ಎಷ್ಟು ಸಿಕ್ಕಿತು?”

ಸೋಮ ಸುಮ್ಮನಾದ. ಖಾಲಿ ಡಬ್ಬಿಯ ರಟ್ಟಿನ ಮೇಲೆ ಎಣ್ಣೆಯ ಉರುಟು ಗುರುತು ಇತ್ತು, ಪೂರ್ತಿ ಒಂದು ಪಿಜ್ಜಾದಷ್ಟು. ಅವನು ತನ್ನ ಈರುಳ್ಳಿ ತುಂಡನ್ನು ಅದರ ಮೇಲಿಟ್ಟ. ಪಕ್ಕದಲ್ಲಿ ಜೋಳದ್ದು, ಅದರ ಪಕ್ಕದಲ್ಲಿ ಮೆಣಸಿನಕಾಯಿಯದು. ಮೂರೂ ಕೂಡಿಕೊಂಡವು. ಒಂದು ಮೂಲೆಯಲ್ಲಿ ಎಣ್ಣೆಯ ಗುರುತು ಮಾತ್ರ ಹೊಳೆಯುತ್ತಿತ್ತು.

“ಇನ್ನೊಂದು ಕಾಲು ಇದ್ದಿದ್ದರೆ ಒಂದು ಪಿಜ್ಜಾ ಆಗುತ್ತಿತ್ತು” ಎಂದ ಸೋಮ. “ನನಗೆ ಸಿಕ್ಕಿದ್ದು ಮುಕ್ಕಾಲು ಪಿಜ್ಜಾ.”

“ಮತ್ತೆ ಹನ್ನೆರಡರಲ್ಲಿ ಮೂರು?” ಎಂದಳು ಅನು.

“ಅದು ಮೂರೂ ಡಬ್ಬಿ ಸೇರಿದಾಗ. ಇದು ಒಂದು ಡಬ್ಬಿಯ ಲೆಕ್ಕ” ಎಂದು ಹೇಳಿ ಸೋಮ ಜೋಳದ ತುಂಡನ್ನು ಮೊದಲು ಬಾಯಿಗಿಟ್ಟ.’

ಓದುವ ಮನೆ, ಚಿಕ್ಕಮಗಳೂರು

ಈಗ ಇದು ಕಥೆಯಾಗಿದೆ. ಕಿಟ್ಟಿ ಡಬ್ಬಿಯನ್ನು ಎತ್ತಿ ಇನ್ನೊಂದರ ಮೇಲಿಟ್ಟು ನೋಡುವ ಜಾಗ ನನಗೆ ಬಹಳ ಇಷ್ಟವಾಯಿತು. ಫೋಟೋದ ಮೋಸವನ್ನು ಒಂದು ಮಾತನ್ನೂ ಆಡದೆ ಅವನು ಬಿಡಿಸಿದ್ದಾನೆ. ಪಿಜ್ಜಾಗಳಿಗೆ ಮೂರು ರುಚಿ ಕೊಟ್ಟದ್ದರಿಂದ ತುಂಡುಗಳು ಯಾವುದರಿಂದ ಬಂದವು ಎಂಬುದು ಕೊನೆಯವರೆಗೂ ಮರೆಯುವುದಿಲ್ಲ.

ಲೆಕ್ಕದ ಟೀಚರ್, ಅರಸೀಕೆರೆ

ಸೋಮನ ಮೊದಲ ಉತ್ತರವನ್ನು ತಪ್ಪು ಎನ್ನದೆ, ಅದು ಯಾವ ಲೆಕ್ಕಕ್ಕೆ ಸಲ್ಲುತ್ತದೆ ಎಂದು ಹೇಳಿಸಿರುವುದು ನನಗೆ ಸಮಾಧಾನ ತಂದಿತು. ಕಥೆಯಲ್ಲಿ 3/4 ಎಂಬ ಬರವಣಿಗೆ ಒಮ್ಮೆಯೂ ಬಂದಿಲ್ಲ, ಅದು ಬೇಕು ಎಂಬುದು ನನ್ನ ಅಭಿಪ್ರಾಯ. ಮಗು ಪರೀಕ್ಷೆಯಲ್ಲಿ ಮುಕ್ಕಾಲು ಎಂದು ಬರೆಯುವುದಿಲ್ಲವಲ್ಲ.

ನಿವೃತ್ತ ಮೇಷ್ಟ್ರು, ಬೇಲೂರು

ಮುಕ್ಕಾಲು ಎಂಬ ಮಾತಿನೊಳಗೇ ಮೂರು ಇದೆ, ಕಾಲು ಇದೆ. ಮೂರು ಕಾಲುಗಳನ್ನು ಕೈಯಲ್ಲಿ ಹಿಡಿದ ಮಗುವಿಗೆ ಆ ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. 3/4 ಎಂದು ಬರೆಯುವುದನ್ನು ಕಥೆ ಮುಗಿದ ಮೇಲೆ ನೋಟ್ ಪುಸ್ತಕದಲ್ಲಿ ಮಾಡಿಸಬಹುದು ಎಂದು ನನಗೆ ತೋರುತ್ತದೆ. ಇದರಲ್ಲಿ ನಾವಿಬ್ಬರೂ ಒಪ್ಪಬೇಕಾಗಿಲ್ಲ.

ಹಂಚಲು ಇನ್ನೊಂದು ಬಗೆಯೂ ಇದೆ. ಎರಡು ಪಿಜ್ಜಾಗಳನ್ನು ಅರ್ಧರ್ಧ ಮಾಡಿದರೆ ನಾಲ್ವರಿಗೆ ನಾಲ್ಕು ಅರ್ಧ. ಮೂರನೆಯದನ್ನು ಮಾತ್ರ ನಾಲ್ಕು ಮಾಡಿದರೆ ನಾಲ್ವರಿಗೆ ನಾಲ್ಕು ಕಾಲು. ಅರ್ಧ ಮತ್ತು ಕಾಲು ಸೇರಿ ಮುಕ್ಕಾಲು. ಹೀಗೆ ಮಾಡಿದರೆ ಆರು ಕೊಯ್ತದ ಬದಲು ನಾಲ್ಕು ಸಾಕು, ತುಂಡುಗಳೂ ಹನ್ನೆರಡಾಗುವುದಿಲ್ಲ, ಎಂಟೇ ಆಗುತ್ತವೆ. ಪ್ರಾಚೀನ ಈಜಿಪ್ಟಿನ ರೈಂಡ್ ಪಪೈರಸ್ಸಿನಲ್ಲಿ ಹತ್ತು ಜನರಿಗೆ ರೊಟ್ಟಿ ಹಂಚುವ ಲೆಕ್ಕಗಳಿವೆ. ಆರು ರೊಟ್ಟಿಯನ್ನು ಹತ್ತು ಜನರಿಗೆ ಹಂಚುವಾಗ ಅಲ್ಲಿ ಒಬ್ಬೊಬ್ಬರಿಗೆ ಅರ್ಧ ರೊಟ್ಟಿ, ಮೇಲೆ ಹತ್ತರಲ್ಲಿ ಒಂದು ಭಾಗ ಎಂದಿದೆ. ದೊಡ್ಡ ತುಂಡನ್ನು ಮೊದಲು ಕೊಟ್ಟು ಉಳಿದದ್ದನ್ನು ಆಮೇಲೆ ಹಂಚುವ ಇದೇ ಕ್ರಮ.

ತೋಟದ ಮನೆ, ಮೂಡಿಗೆರೆ

ಮೇಷ್ಟ್ರೇ, ಈ ಬಗೆಯಲ್ಲಿ ಮೂರನೆಯ ರುಚಿ ಎಲ್ಲರಿಗೂ ಸಿಗುತ್ತದೆ, ಮೊದಲೆರಡರಲ್ಲಿ ಮಾತ್ರ ಒಬ್ಬೊಬ್ಬರಿಗೆ ಒಂದೊಂದೇ ರುಚಿ. ನಮ್ಮ ಮನೆಯಲ್ಲಾದರೆ ಅದಕ್ಕೂ ಜಗಳ ಬರುತ್ತದೆ. ಪ್ರಮಾಣ ಸಮವಾದರೂ ಮಕ್ಕಳ ಕಣ್ಣಿಗೆ ಸಮವಾಗುವುದಿಲ್ಲ. ಇದನ್ನು ಕಥೆಗೆ ಸೇರಿಸಿದರೆ ಗೊಂದಲವಾದೀತು ಎಂದು ನನಗನಿಸುತ್ತದೆ.

ನಿವೃತ್ತ ಮೇಷ್ಟ್ರು, ಬೇಲೂರು

ನೀವು ಹೇಳುವುದು ಸರಿ. ಆ ಬಗೆಗೆ ಮೂರೂ ಒಂದೇ ರುಚಿಯ ಪಿಜ್ಜಾ ಬೇಕು. ಈ ಕಥೆಯಲ್ಲಿ ಅದು ಬೇಡ, ಕಾಗದದ ವೃತ್ತಗಳಲ್ಲಿ ಬೇರೆಯಾಗಿ ಮಾಡಿಸಿದರೆ ಸಾಕು.

ಚಿನ್ನುವಿನ ಅಮ್ಮ, ಹಾಸನ

ನಿನ್ನೆ ಸಂಜೆ ಮಗಳು ಹೊಸ ಕಥೆ ಓದಿದಳು. ಸೋಮ ತುಂಡು ಜೋಡಿಸುವ ಜಾಗಕ್ಕೆ ಬಂದಾಗ ಓದುವುದನ್ನು ನಿಲ್ಲಿಸಿ, ಮೇಷ್ಟ್ರು ಹೇಳಿದಂತೆ ಕತ್ತರಿಸಿಟ್ಟಿದ್ದ ಬಣ್ಣದ ಕಾಗದಗಳನ್ನು ತಟ್ಟೆಯಲ್ಲಿ ತಾನೇ ಜೋಡಿಸಿದಳು. ಖಾಲಿ ಉಳಿದ ಜಾಗದ ಮೇಲೆ ಬೆರಳಿಟ್ಟು, ‘ಇದು ಇಲ್ಲ, ಅದಕ್ಕೇ ಮುಕ್ಕಾಲು’ ಎಂದಳು. ನೋಟ್ ಪುಸ್ತಕದಲ್ಲಿ 3/12 ಅನ್ನು ಅಳಿಸಲಿಲ್ಲ. ಅದರ ಮುಂದೆ ‘ಮೂರೂ ಸೇರಿ’ ಎಂದು ಬರೆದು, ಕೆಳಗೆ 3/4 ಬರೆದು ‘ಒಂದರಲ್ಲಿ’ ಎಂದು ಸೇರಿಸಿದಳು. ಇದಕ್ಕೆ ಶಾಲೆಯಲ್ಲಿ ಯಾವ ಗುರುತು ಬೀಳುತ್ತದೋ ಸೋಮವಾರ ತಿಳಿಯುತ್ತದೆ.

ಆಮೇಲೆ ಅವಳು ಮಾವನನ್ನೂ ಸೇರಿಸಿಕೊಂಡಳು. ಪಿಜ್ಜಾ ತಂದ ಮಾವನಿಗೆ ಕಥೆಯಲ್ಲಿ ಒಂದು ತುಂಡೂ ಸಿಗಲಿಲ್ಲ, ಐವರಿಗೆ ಹಂಚಬೇಕಿತ್ತು ಎಂಬುದು ಅವಳ ಆಕ್ಷೇಪ. ಕಾಗದ ಮಡಚಲು ಹೋದಳು, ಅರ್ಧ, ಕಾಲು, ಅರೆಕಾಲು ಬಂತು, ಐದು ಸಮಭಾಗ ಬರಲಿಲ್ಲ.

ನಿವೃತ್ತ ಮೇಷ್ಟ್ರು, ಬೇಲೂರು

ಅರ್ಧಕ್ಕೆ ಅರ್ಧ ಮಡಚುತ್ತಾ ಹೋದರೆ ಎರಡು, ನಾಲ್ಕು, ಎಂಟು, ಹದಿನಾರು ಬರುತ್ತದೆ, ಐದು ಎಂದೂ ಬರುವುದಿಲ್ಲ. ಆದರೆ ಅವಳ ಲೆಕ್ಕ ಆ ಪಪೈರಸ್ಸಿನ ಲೆಕ್ಕವೇ: ಹತ್ತು ಜನರಿಗೆ ಆರು ರೊಟ್ಟಿ ಎಂದರೂ ಐವರಿಗೆ ಮೂರು ಎಂದರೂ ಒಬ್ಬರ ಪಾಲು ಒಂದೇ. ಮೂರು ಪಿಜ್ಜಾಗಳನ್ನು ಅರ್ಧರ್ಧ ಮಾಡಿದರೆ ಆರು ಅರ್ಧ ಬರುತ್ತದೆ. ಐವರಿಗೆ ಐದು ಅರ್ಧ ಕೊಟ್ಟು, ಉಳಿದ ಒಂದು ಅರ್ಧವನ್ನು ಐದು ಮಾಡಲಿ. ಆ ತೆಳು ತುಂಡು ಒಂದು ಪಿಜ್ಜಾದಲ್ಲಿ ಎಷ್ಟನೆಯ ಭಾಗ ಎಂದು ಕೇಳಿ. ‘ಐದರಲ್ಲಿ ಒಂದು’ ಎಂದರೆ ಇಡಿ ಮತ್ತೆ ಬದಲಾಗಿದೆ ಎಂದು ತಿಳಿಯಿರಿ, ಅದು ಅರ್ಧದಲ್ಲಿ ಐದರಲ್ಲಿ ಒಂದು. ಅವಳೇ ತಟ್ಟೆಯ ಮೇಲಿಟ್ಟು ಎಣಿಸಲಿ, ಇಡೀ ತಟ್ಟೆ ತುಂಬಲು ಅಂತಹವು ಹತ್ತು ಬೇಕಾಗುತ್ತವೆ.

ಬೇಕರಿಯವರು, ಹಾಸನ

ಅರ್ಧವನ್ನು ಐದು ಮಾಡುವಾಗ ಬದಿಯಿಂದ ಶುರು ಮಾಡಿದರೆ ಕೊನೆಯ ತುಂಡು ಯಾವಾಗಲೂ ಕೆಡುತ್ತದೆ. ನಾನು ಮೊದಲು ನಡುವಿನ ತುಂಡನ್ನು ಗುರುತು ಮಾಡಿಕೊಂಡು, ಆಮೇಲೆ ಎರಡೂ ಬದಿಯಲ್ಲಿ ಉಳಿದದ್ದನ್ನು ಎರಡೆರಡು ಮಾಡುತ್ತೇನೆ. ಅಳತೆಯ ಸಾಧನ ಇಟ್ಟುಕೊಂಡರೆ ಒಂದೊಂದಕ್ಕೂ 36 ಡಿಗ್ರಿ. ಮಗಳನ್ನು ಒಂದು ದಿನ ಅಂಗಡಿಗೆ ಕರೆದುಕೊಂಡು ಬನ್ನಿ ಮೇಡಂ, ಮಧ್ಯಾಹ್ನ ಮೂರರ ಹೊತ್ತಿಗೆ ಗಿರಾಕಿ ಕಡಿಮೆ ಇರುತ್ತಾರೆ, ಚಕ್ರದ ಕತ್ತಿ ಹಿಡಿದು ಅವಳೇ ಕತ್ತರಿಸಿ ನೋಡಲಿ. ಖಾಲಿ ಡಬ್ಬಿಯ ರಟ್ಟನ್ನು ಎತ್ತಿಟ್ಟಿರುತ್ತೇನೆ.